ಎರಡು ಹಂತದ ಲಾಗಿನ್ ಬೇಡ ಅನ್ನೋ ಎಡಿಟರ್‌ಗಳನ್ನು ಏನು ಮಾಡೋದು?

"ನಮ್ಮ ಫೇಸ್‌ಬುಕ್ ಬಿಸಿನೆಸ್ ಪೇಜ್‌ಗೆ ಏಳು ಜನ ಅಡ್ಮಿನ್, ಎಡಿಟರ್‌ಗಳಿದ್ದಾರೆ. ಎಲ್ಲರಿಗೂ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿದೆ. ಇಬ್ಬರು ಒಪ್ಪುತ್ತಿಲ್ಲ. ಅವರನ್ನು ತೆಗೆಯಲೇಬೇಕಾ, ಇಲ್ಲ ಅವರಿಬ್ಬರಿಗೆ ಮಾತ್ರ ವಿನಾಯಿತಿ ಕೊಡಬಹುದಾ?"

ಕಡ್ಡಾಯ ಮಾಡಿದ ಕೂಡಲೇ ಒಪ್ಪದವರು ತಾವಾಗಿಯೇ ಹೊರಗೆ ಬೀಳುತ್ತಾರೆ ಅಂತ ನಾನೂ ನಂಬಿದ್ದೆ. ನಾನು ನೋಡಿಕೊಳ್ಳುತ್ತಿದ್ದ ಪೇಜ್‌ನಲ್ಲಿ ಒಬ್ಬ ಎಡಿಟರ್ ಕೊನೆಯವರೆಗೂ ಒಪ್ಪಲಿಲ್ಲ. ನಾನು ಬಿಸಿನೆಸ್ ಪೋರ್ಟ್‌ಫೋಲಿಯೊದ Security Centre ಗೆ ಹೋಗಿ, ಎರಡು ಹಂತದ ಲಾಗಿನ್ ಯಾರಿಗೆ ಕಡ್ಡಾಯ ಅನ್ನುವಲ್ಲಿ Everyone ಆಯ್ಕೆ ಮಾಡಿ, ಅವರ ಬಾಗಿಲು ಮುಚ್ಚಿತು ಅಂತ ಸುಮ್ಮನಾದೆ. ಮೂರು ವಾರ ಕಳೆದ ಮೇಲೆ ಒಬ್ಬ ಗ್ರಾಹಕರು ಸ್ಕ್ರೀನ್‌ಶಾಟ್ ಕಳಿಸಿದರು. ನಮ್ಮ ಪೇಜ್‌ನ ಇನ್‌ಬಾಕ್ಸ್‌ನಿಂದಲೇ ಅವರಿಗೆ "ಮುಂಗಡ ಈ ಹೊಸ ಖಾತೆಗೆ ಹಾಕಿ" ಅಂತ ಉತ್ತರ ಹೋಗಿತ್ತು. ಪೇಜ್‌ನಲ್ಲಿ ಒಂದು ಹೊಸ ಪೋಸ್ಟೂ ಇತ್ತು. ಅದರ ಕೆಳಗೆ, ಪೇಜ್ ನಡೆಸುವವರಿಗಷ್ಟೇ ಕಾಣುವ Published by ಸಾಲಿನಲ್ಲಿ ಅದೇ ಎಡಿಟರ್ ಹೆಸರು. ಪೋಸ್ಟ್ ಮಾಡಿದ್ದು ಅವರಲ್ಲ. ಬೇರೆಲ್ಲೋ ಬಳಸಿದ್ದ ಪಾಸ್‌ವರ್ಡನ್ನೇ ಅವರು ಫೇಸ್‌ಬುಕ್‌ಗೂ ಇಟ್ಟಿದ್ದರು, ಅದು ಯಾರ ಕೈಗೋ ಸಿಕ್ಕಿತ್ತು.

ಮುಚ್ಚಿದ ಬಾಗಿಲಿನಿಂದ ಒಳಗೆ ಹೇಗೆ ಬಂದರು? ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪೇಜ್‌ನಲ್ಲೂ ಇದೇ ತೂತು ಇರುವ ಸಾಧ್ಯತೆ ಹೆಚ್ಚು.

ಒಂದು ಪೇಜ್‌ಗೆ ಎರಡು ಬಾಗಿಲು. ಒಂದು, ಬಿಸಿನೆಸ್ ಪೋರ್ಟ್‌ಫೋಲಿಯೊ, ಅಂದರೆ ವ್ಯಾಪಾರದ ಪೇಜ್‌ಗಳನ್ನೂ ಅವನ್ನು ನೋಡಿಕೊಳ್ಳುವ ಜನರನ್ನೂ ಒಂದೇ ಕಡೆ ನಿಭಾಯಿಸುವ ಜಾಗ. ಅಲ್ಲಿ People ಪಟ್ಟಿಗೆ ಜನರನ್ನು ಸೇರಿಸಿ, ಅವರಿಗೆ ಪೇಜ್ ವಹಿಸಿಕೊಡುತ್ತೇವೆ. ಇನ್ನೊಂದು, ಪೇಜ್‌ನ ಸ್ವಂತ ಸೆಟ್ಟಿಂಗ್ಸ್‌ನೊಳಗಿನ Page access. ಅಲ್ಲಿ ಯಾರನ್ನಾದರೂ ಅವರ ವೈಯಕ್ತಿಕ ಖಾತೆಯ ಮೂಲಕ ನೇರವಾಗಿ ಸೇರಿಸಬಹುದು. ಪೋರ್ಟ್‌ಫೋಲಿಯೊ ಮಾಡುವುದಕ್ಕೂ ಮುಂಚೆ ಸೇರಿಸಿದ ಹಳಬರೆಲ್ಲ ಸಾಮಾನ್ಯವಾಗಿ ಈ ಎರಡನೇ ಬಾಗಿಲಿನವರು. Everyone ಅನ್ನುವ ಕಡ್ಡಾಯ ಕಾಯುವುದು ಮೊದಲನೇ ಬಾಗಿಲನ್ನು ಮಾತ್ರ. ನಮ್ಮ ಎಡಿಟರ್ ಹೆಸರು ಎರಡೂ ಕಡೆ ಇತ್ತು. ಒಂದು ಕಡೆ ತಡೆದೆವು, ಇನ್ನೊಂದು ಕಡೆ ಹಳೆಯ ಪಾಸ್‌ವರ್ಡ್ ಒಂದರಲ್ಲೇ ಬಾಗಿಲು ತೆರೆಯುತ್ತಿತ್ತು. ನಾನು ಪೋರ್ಟ್‌ಫೋಲಿಯೊ ಪಟ್ಟಿಯನ್ನಷ್ಟೇ ನೋಡಿದ್ದೆ, Page access ತೆರೆದೇ ಇರಲಿಲ್ಲ. ತೆರೆದಿದ್ದರೆ ಎರಡು ನಿಮಿಷದ ಕೆಲಸ.

ಹಾಗಾಗಿ ಇವತ್ತೇ ಎರಡೂ ಪಟ್ಟಿ ಪಕ್ಕಪಕ್ಕದಲ್ಲಿಟ್ಟು ನೋಡಿ. Page access ನಲ್ಲಿ ನೇರವಾಗಿ ಕುಳಿತಿರುವ ಪ್ರತಿಯೊಬ್ಬರನ್ನೂ ಮೊದಲು ಪೋರ್ಟ್‌ಫೋಲಿಯೊಗೆ ಸೇರಿಸಿ, ಪೇಜ್ ವಹಿಸಿಕೊಟ್ಟು, ಅವರ ಕೆಲಸ ಅಲ್ಲಿಂದ ಸರಿಯಾಗಿ ನಡೆಯುತ್ತಿದೆ ಅಂತ ಖಾತ್ರಿಯಾದ ಮೇಲೆ ನೇರ ಪ್ರವೇಶ ತೆಗೆಯಿರಿ. ಪೂರ್ಣ ನಿಯಂತ್ರಣ ಕನಿಷ್ಠ ಇಬ್ಬರ ಕೈಯಲ್ಲಿರಲಿ, ಆ ಇಬ್ಬರೂ ಎರಡು ಹಂತದ ಲಾಗಿನ್ ಆನ್ ಮಾಡಿಕೊಂಡವರಾಗಿರಲಿ. ಒಪ್ಪದ ಇಬ್ಬರಲ್ಲಿ ಒಬ್ಬರೇ ಪೂರ್ಣ ನಿಯಂತ್ರಣ ಇಟ್ಟುಕೊಂಡವರಾದರೆ, ಒಪ್ಪಿದವರಲ್ಲಿ ಒಬ್ಬರಿಗಾದರೂ ಅದನ್ನು ಕೊಡಿಸಿಕೊಳ್ಳುವವರೆಗೆ ಬೇರೆ ಮಾತು ಎತ್ತಬೇಡಿ.

ಇನ್ನು ವಿನಾಯಿತಿ. ಆ ಸೆಟ್ಟಿಂಗ್‌ನಲ್ಲಿ ಇರುವುದು ಮೂರೇ ಆಯ್ಕೆ: No one, Admins only, Everyone. ಹೆಸರು ಹಿಡಿದು ಇಬ್ಬರನ್ನು ಬಿಡುವ ಅವಕಾಶವಿಲ್ಲ. ಅವರಿಬ್ಬರಿಗಾಗಿ Admins only ಗೆ ಇಳಿದರೆ ಎಲ್ಲ ಎಡಿಟರ್‌ಗಳಿಗೂ ಸಡಿಲವಾಗುತ್ತದೆ. ಇನ್‌ಬಾಕ್ಸ್‌ನಲ್ಲಿ ಗ್ರಾಹಕರಿಗೆ ಉತ್ತರ ಕೊಡುವವರೇ ಎಡಿಟರ್‌ಗಳು. ಹಣ ಕೇಳಲು ಕಳ್ಳನಿಗೆ ಅಡ್ಮಿನ್ ಆಗುವ ಅಗತ್ಯವೇ ಇಲ್ಲ, ಆ ಇನ್‌ಬಾಕ್ಸ್ ಸಾಕು. ಆದ್ದರಿಂದ ಅಡ್ಮಿನ್‌ಗೊಂದು ನಿಯಮ, ಎಡಿಟರ್‌ಗೊಂದು ನಿಯಮ ಅನ್ನುವುದನ್ನು ನಾನು ಒಪ್ಪುವುದಿಲ್ಲ.

Everyone ಇದ್ದಾಗ ಒಪ್ಪದವರಿಗೆ ಆಗುವುದು ಇಷ್ಟೇ: ಪೋರ್ಟ್‌ಫೋಲಿಯೊ ತೆರೆಯಲು ಹೋದಾಗ ಎರಡು ಹಂತದ ಲಾಗಿನ್ ಆನ್ ಮಾಡಿ ಅಂತ ಕೇಳುತ್ತದೆ, ಮಾಡುವವರೆಗೆ ಒಳಗೆ ಬಿಡುವುದಿಲ್ಲ. ಅವರ ವೈಯಕ್ತಿಕ ಖಾತೆಗೆ ಏನೂ ಆಗುವುದಿಲ್ಲ. ಹೆಸರು People ಪಟ್ಟಿಯಲ್ಲೇ ಉಳಿಯುತ್ತದೆ, ವಹಿಸಿದ ಪೇಜ್ ಕೂಡ. ಆನ್ ಮಾಡಿದ ದಿನ ಮತ್ತೆ ಕೆಲಸ ಶುರು ಮಾಡಬಹುದು. ಅಂದರೆ ತಡೆ ಬೇರೆ, ತೆಗೆಯುವುದು ಬೇರೆ.

ತೆಗೆಯುವ ಮುಂಚೆ ಯಾಕೆ ಬೇಡ ಅನ್ನುತ್ತಾರೆ ಅಂತ ಕೇಳಿ. ಹೆಚ್ಚಿನವರ ತಕರಾರು ಫೋನ್ ನಂಬರಿನದು. ಅವರಿಗೆ ಎಸ್‌ಎಂಎಸ್ ಬೇಡ, ಅಥೆಂಟಿಕೇಟರ್ ಆ್ಯಪ್ ತೋರಿಸಿ. ಅದರ ಕೋಡ್‌ಗೆ ನಂಬರ್ ಬೇಕಿಲ್ಲ, ನೆಟ್‌ವರ್ಕ್ ಕೂಡ ಬೇಕಿಲ್ಲ. Accounts Centre ನಲ್ಲಿ Password and security, ಅದರೊಳಗೆ Two-factor authentication, ಅಲ್ಲಿ ಖಾತೆ ಆರಿಸಿ Authentication app ಒತ್ತಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಆ್ಯಪ್‌ನಲ್ಲಿ ಆರು ಅಂಕಿಯ ಕೋಡ್ ಬರುತ್ತದೆ, 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಕೋಡ್ ಸರಿಯಿದ್ದರೂ ತಪ್ಪು ಅಂತ ಬರುತ್ತಿದ್ದರೆ ಬಹುತೇಕ ಆ ಫೋನಿನ ಗಡಿಯಾರ ಹಿಂದೆ ಮುಂದೆ ಆಗಿರುತ್ತದೆ. ಸಮಯವನ್ನು ಆಟೊಮ್ಯಾಟಿಕ್‌ಗೆ ಹಾಕಿದರೆ ಸರಿಹೋಗುತ್ತದೆ.

ಕೂತಲ್ಲೇ ರಿಕವರಿ ಕೋಡ್‌ಗಳನ್ನೂ ಇಳಿಸಿಕೊಂಡು, ಫೋನ್‌ನಲ್ಲಲ್ಲ, ಕಾಗದದ ಮೇಲೆ ಬರೆಸಿ. ಒಂದೊಂದು ಕೋಡ್ ಒಂದೇ ಸಲ ನಡೆಯುತ್ತದೆ. ಹೊಸ ಫೋನ್ ಕೊಂಡು, ಆ್ಯಪ್ ವರ್ಗಾಯಿಸದೆ ಹಳೆಯದನ್ನು ಮಾರಿಬಿಟ್ಟವರನ್ನು ಉಳಿಸುವುದು ಆ ಕಾಗದವೇ.

ಎರಡನೇ ಕಾರಣವನ್ನು ಯಾರೂ ತಾವಾಗಿ ಬಾಯಿಬಿಡುವುದಿಲ್ಲ: ಒಂದೇ ಖಾತೆಯನ್ನು ಇಬ್ಬರು ಮೂವರು ಬಳಸುತ್ತಿರುತ್ತಾರೆ. ಕೋಡ್ ಒಬ್ಬರ ಫೋನ್‌ಗೆ ಬಂದರೆ ಉಳಿದವರ ಕೆಲಸ ನಿಲ್ಲುತ್ತದೆ, ಅದಕ್ಕೇ ವಿರೋಧ. ಇಲ್ಲಿ ಒತ್ತಾಯ ಮಾಡಿ ಪ್ರಯೋಜನವಿಲ್ಲ. ಒಬ್ಬೊಬ್ಬರನ್ನೂ ಅವರವರ ಖಾತೆಯಿಂದ ಸೇರಿಸಿ, ಬೇಕಾದಷ್ಟೇ ಅನುಮತಿ ಕೊಡಿ. ಇನ್‌ಬಾಕ್ಸ್ ನೋಡುವವರಿಗೆ ಮೆಸೇಜ್‌ನ ಅನುಮತಿ ಒಂದೇ ಸಾಕು.

"ಎರಡು ಹಂತ ಇದ್ದವರ ಖಾತೆಯೂ ಹೋಗಿದೆಯಲ್ಲ" ಅನ್ನುವ ವಾದವೂ ಬರುತ್ತದೆ. ಅದು ನಿಜ. ನಕಲಿ ಲಾಗಿನ್ ಪುಟದಲ್ಲಿ ಕೋಡ್ ಟೈಪ್ ಮಾಡಿದರೆ, ಇಲ್ಲವೇ ಮಾಲ್‌ವೇರ್ ಬ್ರೌಸರ್‌ನಿಂದ ಲಾಗಿನ್ ಆಗಿರುವ ಸೆಷನ್ ಕದ್ದರೆ ಕೋಡ್ ಕಾಪಾಡುವುದಿಲ್ಲ. ಆದರೆ ನಮಗಾದದ್ದು ಸೋರಿದ ಪಾಸ್‌ವರ್ಡ್‌ನಿಂದ, ಅದನ್ನು ಈ ಆರು ಅಂಕಿ ತಡೆಯುತ್ತಿದ್ದವು. ನಕಲಿ ಪುಟದ ಭಯ ಇದ್ದರೆ ಪೂರ್ಣ ನಿಯಂತ್ರಣ ಇರುವ ಇಬ್ಬರಿಗಾದರೂ ಸೆಕ್ಯುರಿಟಿ ಕೀ, ಅಂದರೆ ಕೋಡ್ ಬದಲು ಲಾಗಿನ್ ಖಚಿತಪಡಿಸುವ ಸಣ್ಣ ಸಾಧನ, ಕೊಡಿಸಿ. ಬೇರೆ ವಿಳಾಸದ ಪುಟಕ್ಕೆ ಅದು ಉತ್ತರವನ್ನೇ ಕೊಡುವುದಿಲ್ಲ.

ಇಷ್ಟಾದ ಮೇಲೂ ಒಪ್ಪದವರಿಗೆ ಒಂದು ವಾರದ ಗಡುವು ಕೊಡಿ, ದಿನಾಂಕವನ್ನು ಬರಹದಲ್ಲಿ ತಿಳಿಸಿ. ಆ ದಿನ ಅವರ ಕೆಲಸವನ್ನು ಬೇರೆಯವರಿಗೆ ವಹಿಸಿ, People ಪಟ್ಟಿಯಿಂದ ಹೆಸರು ತೆಗೆದು, ತಕ್ಷಣ Page access ತೆರೆದು ಅಲ್ಲೂ ಹೆಸರು ಇಲ್ಲ ಅಂತ ನೋಡಿ.