ದ್ಯೂತಸಭೆಯ ‘ಧರ್ಮ’ವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು: ಒಬ್ಬ ಲೇಖಕರಿಗೆ ಸಂಪಾದಕರ ಉತ್ತರ

“ಮಾನ್ಯ ಸಂಪಾದಕರಿಗೆ, ಮಹಾಭಾರತದ ಸಭಾಪರ್ವದಲ್ಲಿ, ಮೊದಲೇ ತನ್ನನ್ನು ತಾನು ಸೋತಿದ್ದ ಯುಧಿಷ್ಠಿರನಿಗೆ ತನ್ನನ್ನು ಪಣಕ್ಕಿಡುವ ಹಕ್ಕಿತ್ತೇ ಎಂದು ದ್ರೌಪದಿ ಕೇಳುವ ಪ್ರಶ್ನೆಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪ್ರಬಂಧವನ್ನು ಕಳುಹಿಸಿದ್ದೇನೆ. ಒಂದೇ ಪದ ಮರುಕಳಿಸದಿರಲೆಂದು ‘ಧರ್ಮ’ಕ್ಕೆ ಡ್ಯೂಟಿ, ಲಾ, ರೈಚಸ್‌ನೆಸ್, ರಿಲಿಜನ್ ಎಂದು ಬೇರೆ ಬೇರೆ ಪದಗಳನ್ನು ಬಳಸಿದ್ದೇನೆ. ಓದಿ ನೋಡಿದ ಒಬ್ಬ ಅಧ್ಯಾಪಕರು ಎಲ್ಲ ಕಡೆಯೂ ಮೂಲಪದವನ್ನೇ ಉಳಿಸಿ ಎನ್ನುತ್ತಾರೆ. ಇನ್ನೊಬ್ಬರು ಹಾಗೆ ಉಳಿಸಿದರೆ ಹೊರಗಿನ ಓದುಗರಿಗೆ ಏನೂ ತಿಳಿಯದು ಎನ್ನುತ್ತಾರೆ. ಯಾವುದನ್ನು ಅನುಸರಿಸಲಿ?”

ಮಾನ್ಯರೇ,

ಪ್ರಬಂಧವನ್ನು ಪೂರ್ತಿಯಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಸ್ವೀಕರಿಸಲಾರೆ. ಸಭೆ ದ್ರೌಪದಿಗೆ ಉತ್ತರ ಕೊಡಲಾಗದ್ದಕ್ಕೆ ಹೇಡಿತನ ಮಾತ್ರ ಕಾರಣವಲ್ಲ, ಧರ್ಮವನ್ನು ಹೇಳುವ ಅಧಿಕಾರ ಯಾರದೆಂಬ ಗೊಂದಲವೂ ಕಾರಣ ಎಂಬ ನಿಮ್ಮ ವಾದ ಗಟ್ಟಿಯಾಗಿದೆ. ಆದರೆ ವಾದ ನಿಂತಿರುವುದು ಒಂದು ಪದದ ಮೇಲೆ, ಮತ್ತು ಆ ಪದ ನಿಮ್ಮ ಇಂಗ್ಲಿಷಿನಲ್ಲಿ ಓದುಗರಿಗೆ ಎಲ್ಲಿಯೂ ಒಂದಾಗಿ ಕಾಣಿಸುವುದಿಲ್ಲ.

ನಿಮ್ಮ ಇಬ್ಬರು ಹಿತೈಷಿಗಳೂ ಇಡೀ ಪ್ರಬಂಧಕ್ಕೆ ಒಂದೇ ನಿಯಮವನ್ನು ಹುಡುಕುತ್ತಿದ್ದಾರೆ. ತೀರ್ಮಾನವನ್ನು ವಾಕ್ಯವಾಕ್ಯಕ್ಕೂ ಮಾಡಬೇಕು, ಮತ್ತು ಪ್ರತಿಸಲವೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಈ ವಾಕ್ಯದ ಬಲ, ಪದ ಒಂದೇ ಆಗಿದೆ ಎಂಬುದರಲ್ಲಿ ಇದೆಯೋ, ಅಥವಾ ಇಲ್ಲಿ ಆ ಪದ ಸೂಚಿಸುವ ಒಂದು ನಿರ್ದಿಷ್ಟ ಸಂಗತಿಯಲ್ಲಿ ಇದೆಯೋ? ಮೊದಲನೆಯದಾದರೆ ಮೂಲಪದವನ್ನು ಕದಲಿಸಬಾರದು. ಎರಡನೆಯದಾದರೆ ಆ ಸಂಗತಿಗೆ ಇಂಗ್ಲಿಷಿನಲ್ಲಿ ಸಹಜವಾದ ಹೆಸರನ್ನು ಕೊಡಬಹುದು, ಕೊಡಬೇಕು ಕೂಡ.

ಭೀಷ್ಮರ ಎರಡನೆಯ ಉತ್ತರವನ್ನೇ ನೋಡಿ. “ಬಲವಾಂಸ್ತು ಯಥಾ ಧರ್ಮಂ ಲೋಕೇ ಪಶ್ಯತಿ ಪೂರುಷಃ, ಸ ಧರ್ಮೋ ಧರ್ಮವೇಲಾಯಾಂ ಭವತ್ಯಭಿಹಿತಃ ಪರೈಃ.” ಬಲವಂತನಾದವನು ಲೋಕದಲ್ಲಿ ಯಾವುದನ್ನು ಧರ್ಮವೆಂದು ಕಾಣುತ್ತಾನೋ, ಧರ್ಮದ ಪ್ರಶ್ನೆ ಬಂದಾಗ ಉಳಿದವರೂ ಅದನ್ನೇ ಧರ್ಮವೆನ್ನುತ್ತಾರೆ ಎಂದು ಇದರ ಅರ್ಥ. ನೀವು ಮೂರು ಧರ್ಮಗಳಿಗೆ ಕ್ರಮವಾಗಿ ರೈಚಸ್‌ನೆಸ್, ರಿಲಿಜನ್, ಲಾ ಎಂದು ಬರೆದಿದ್ದೀರಿ. ಆಗ ಬಲವಂತನು ಕಂಡದ್ದು ಒಂದು, ಪ್ರಶ್ನೆ ಎದ್ದದ್ದು ಇನ್ನೊಂದರ ಬಗ್ಗೆ, ಜನ ಹೇಳಿದ್ದು ಮತ್ತೊಂದು ಎಂದಾಗಿಬಿಟ್ಟಿತು. ಕುಲಪಿತಾಮಹನು ತುಂಬಿದ ಸಭೆಯಲ್ಲಿ ಒಪ್ಪಿಕೊಳ್ಳುತ್ತಿರುವ ಭಯಂಕರವಾದ ಮಾತು, ಅಂದರೆ ಧರ್ಮವೆಂಬ ಹೆಸರೇ ಬಲವಂತನ ಕೈಗೆ ಹೋಗಿದೆ ಎಂಬುದು, ಇಂಗ್ಲಿಷ್ ಓದುಗರಿಗೆ ತಲುಪುವುದೇ ಇಲ್ಲ. ಇಲ್ಲಿ ಮೂರು ಕಡೆಯೂ ಮೂಲಪದ ಹಾಗೆಯೇ ಇರಲಿ. ಕಿವಿಗೆ ಮರುಕಳಿಕೆ ಎನಿಸಿದರೆ ಎನಿಸಲಿ. ಶ್ಲೋಕವೂ ಬೇಕೆಂದೇ ಮರುಕಳಿಸುತ್ತಿದೆ.

ಅದಕ್ಕೆ ತುಸು ಮುಂಚೆ, ಅದೇ ಅಧ್ಯಾಯದಲ್ಲಿ, ಇದಕ್ಕೆ ವಿರುದ್ಧವಾದ ಸಂದರ್ಭವಿದೆ. ಧರ್ಮಪತ್ನಿಯರನ್ನು ಹಿಂದಿನವರು ಸಭೆಗೆ ಕರೆತರುತ್ತಿರಲಿಲ್ಲವೆಂದು ಕೇಳಿದ್ದೇವೆ ಎಂದ ದ್ರೌಪದಿ, “ಸ ನಷ್ಟಃ ಕೌರವೇಯೇಷು ಪೂರ್ವೋ ಧರ್ಮಃ ಸನಾತನಃ”, ಅಂದರೆ ಹಿಂದಿನ ಆ ಸನಾತನ ಧರ್ಮ ಕೌರವರಲ್ಲಿ ನಾಶವಾಯಿತು, ಎನ್ನುತ್ತಾಳೆ. ನೀವು ಇದನ್ನು ಇಟರ್ನಲ್ ರಿಲಿಜನ್ ಎಂದು ಅನುವಾದಿಸಿದ್ದೀರಿ. ಆಕೆ ಹೇಳುತ್ತಿರುವುದು ಒಂದು ನಿರ್ದಿಷ್ಟ ನಡವಳಿಕೆಯ ಬಗ್ಗೆ: ಕುಲಸ್ತ್ರೀಯರನ್ನು ಸಭೆಗೆ ಎಳೆತರಬಾರದೆಂಬ, ಹಿಂದಿನಿಂದ ನಡೆದುಬಂದ ಕಟ್ಟಳೆಯ ಬಗ್ಗೆ. ‘ಪೂರ್ವ’ ಎಂಬ ವಿಶೇಷಣ ಪಕ್ಕದಲ್ಲೇ ಕುಳಿತು ಅದನ್ನು ಹೇಳುತ್ತಿದೆ. ಆದ್ದರಿಂದ ಇಲ್ಲಿ ಏನ್ಷಂಟ್ ಕಸ್ಟಮ್ ಎಂದು ಅನುವಾದಿಸಿ, ಸಂಸ್ಕೃತದ ಪದಗಳನ್ನು ಕಂಸದಲ್ಲಿ ಕೊಡಿ. ಮೂಲವನ್ನು ಅನುವಾದಿಸದೆ ಬಿಟ್ಟರೆ ಇಂದಿನ ಓದುಗರು ‘ಸನಾತನ ಧರ್ಮ’ ಎಂಬ ನುಡಿಯ ಈಗಿನ ಅರ್ಥವನ್ನು ತಾವೇ ತುಂಬಿಕೊಳ್ಳುತ್ತಾರೆ. ಹಾಗಲ್ಲವೆಂದು ಒಂದೇ ವಾಕ್ಯದ ಅಡಿಟಿಪ್ಪಣಿ ಹಾಕಿದರೆ ಸಾಕು.

ಕನ್ನಡದವರಾದ ನಮಗೆ ಈ ವಿಷಯದಲ್ಲಿ ಒಂದು ವಿಶೇಷವಾದ ಅಪಾಯವಿದೆ. ಧರ್ಮಛತ್ರ, ಧರ್ಮದರ್ಶಿ, ಹಿಂದೂ ಧರ್ಮ, ‘ಇದು ನಿನಗೆ ಧರ್ಮವೇ?’ ಎಂಬ ಮಾತು, ಇವೆಲ್ಲವೂ ನಮ್ಮ ಬಾಯಲ್ಲಿ ಒಂದೇ ಪದದಿಂದ ನಡೆಯುವುದರಿಂದ, ಯಾವ ಅರ್ಥದಿಂದ ಯಾವುದಕ್ಕೆ ಜಾರಿದೆವೆಂಬುದು ನಮಗೇ ಗೊತ್ತಾಗುವುದಿಲ್ಲ. ನಿಮ್ಮ ಪ್ರಬಂಧದ ರಿಲಿಜನ್ ಎಂಬ ಪದಗಳೆಲ್ಲ ಹೀಗೆ ಇಂದಿನ ಕನ್ನಡದ ಬಳಕೆಯಿಂದ ಬಂದಂತೆ ತೋರುತ್ತವೆ. ದ್ಯೂತಪ್ರಸಂಗದಲ್ಲಿ ಆ ಅನುವಾದ ಸಲ್ಲುವ ಒಂದು ಸ್ಥಳವನ್ನೂ ನಾನು ಕಾಣಲಿಲ್ಲ. ಎಲ್ಲವನ್ನೂ ತೆಗೆಯಿರಿ.

ಇನ್ನು ಅರ್ಥವಿವರಣೆಯ ಮಾತು. ಮೊದಲ ಪುಟದಲ್ಲಿ ‘ಧೃ’ ಧಾತುವಿನಿಂದ ಆರಂಭಿಸಿ, ಮೀಮಾಂಸಕರ ಲಕ್ಷಣವನ್ನು ಹೇಳಿ, ಬೌದ್ಧರ ಬಳಕೆಯನ್ನೂ ಸೇರಿಸಿದ್ದೀರಿ. ಪಾಂಡುರಂಗ ವಾಮನ ಕಾಣೆಯವರು ಧರ್ಮಶಾಸ್ತ್ರದ ಇತಿಹಾಸವನ್ನು 1930ರಿಂದ 1962ರವರೆಗೆ ಸಂಪುಟ ಸಂಪುಟವಾಗಿ ಪ್ರಕಟಿಸಿದರು. ಆ ಕೆಲಸವನ್ನು ಒಂದು ಪರಿಚ್ಛೇದದಲ್ಲಿ ಮತ್ತೆ ಮಾಡಬೇಕಾಗಿಲ್ಲ. ನಿಮ್ಮ ಓದುಗರಿಗೆ ಬೇಕಾದದ್ದು ಈ ಸಭೆಯ ಮಟ್ಟಿಗೆ ಸಾಕಾಗುವ ಒಂದು ವಿವರಣೆ: ಒಬ್ಬರ ಸ್ಥಾನ, ಕುಲ ಮತ್ತು ಸಂಬಂಧಗಳಿಂದ ಅವರ ಮೇಲೆ ಬರುವ ಕಟ್ಟುಪಾಡು, ಮತ್ತು ವಿವಾದ ಬಂದಾಗ ಅದೇನೆಂದು ಹೇಳಬೇಕಾದದ್ದು ಸಭೆ. ಇದನ್ನು ಎರಡು ವಾಕ್ಯಗಳಲ್ಲಿ ಬರೆದು, ಪದವು ಮೊದಲು ಬರುವ ಸ್ಥಳದಲ್ಲೇ ಇಡಿ. ಆಮೇಲೆ ಪ್ರತಿಸಲವೂ ಕಂಸದಲ್ಲಿ ಅರ್ಥ ಕೊಡಬೇಡಿ. ಆ ವಿವರಣೆ ಸಾಲದೆ ಹೋಗುವ ಜಾಗ ಬಂದಾಗ ಮಾತ್ರ ನಿಂತು ಹೇಳಿ. ಅಂಥ ಜಾಗ ಒಂದಿದೆ, ದ್ರೌಪದಿಯ ಮಾತು: “ಧರ್ಮೇ ಸ್ಥಿತೋ ಧರ್ಮಸುತಶ್ಚ ರಾಜಾ, ಧರ್ಮಶ್ಚ ಸೂಕ್ಷ್ಮೋ ನಿಪುಣೋಪಲಭ್ಯಃ.” ಧರ್ಮನ ಮಗನಾದ ರಾಜ ಧರ್ಮದಲ್ಲಿ ನೆಲೆನಿಂತಿದ್ದಾನೆ, ಧರ್ಮವೋ ಸೂಕ್ಷ್ಮವಾದದ್ದು, ನಿಪುಣರಿಗೆ ಮಾತ್ರ ತಿಳಿಯುವಂಥದ್ದು ಎಂದು ಇದರ ಅರ್ಥ. ಮೂಲದಲ್ಲಿ ಮಧ್ಯದ ಧರ್ಮ ಯುಧಿಷ್ಠಿರನ ತಂದೆಯಾದ ದೇವತೆ. ಕನ್ನಡ ಲಿಪಿಯಲ್ಲಿ ಮೂರೂ ಒಂದೇ ರೀತಿ ಕಾಣುತ್ತವೆ; ಇಂಗ್ಲಿಷಿನಲ್ಲಿ ದೇವತೆಗೆ ಮಾತ್ರ ದೊಡ್ಡಕ್ಷರ ಹಾಕಿ ಉಳಿದೆರಡನ್ನು ಸಣ್ಣಕ್ಷರದಲ್ಲಿ ಬಿಟ್ಟರೆ ವಿವರಣೆಯಿಲ್ಲದೆಯೇ ಭೇದ ತಿಳಿಯುತ್ತದೆ. ನೀವು ಎಲ್ಲ ಕಡೆಯೂ ದೊಡ್ಡಕ್ಷರ ಹಾಕಿ ಆ ಅನುಕೂಲವನ್ನು ಕಳೆದುಕೊಂಡಿದ್ದೀರಿ.

ಉದ್ಧರಣೆಗಳ ವಿಚಾರ ಇದಕ್ಕಿಂತ ತೊಡಕಿನದು. ನೀವು ಶಿಕಾಗೊ ವಿಶ್ವವಿದ್ಯಾಲಯದ ವಾನ್ ಬ್ಯೂಟೆನೆನ್ ಅವರ ಮಹಾಭಾರತದ ಅನುವಾದವನ್ನು ಬಳಸಿದ್ದೀರಿ. ಅವರು ಧರ್ಮಕ್ಕೆ ದೊಡ್ಡಕ್ಷರದ ಲಾ ಎಂಬ ಪದವನ್ನು ಆರಿಸಿಕೊಂಡವರು. ಆ ಆಯ್ಕೆಯಿಂದ ನ್ಯಾಯಾಲಯದ ವಾಸನೆ ಬರುತ್ತದೆಂಬುದು ನಿಜ, ಆದರೆ ಒಂದೇ ಪದ ಮತ್ತೆ ಮತ್ತೆ ಬರುವುದರಿಂದ ಓದುಗರು ಅದನ್ನು ಗುರುತಿಸಬಲ್ಲರು. ನಿಮ್ಮ ಪುಟದಲ್ಲಿ ಅವರ ಲಾ ಉದ್ಧರಣೆಯೊಳಗೂ ನಿಮ್ಮ ಡ್ಯೂಟಿ ಅದರ ವ್ಯಾಖ್ಯಾನದಲ್ಲೂ ಬಂದಾಗ, ಎರಡೂ ಒಂದೇ ಪದವೆಂದು ಸಂಸ್ಕೃತ ಬಾರದವರಿಗೆ ತಿಳಿಯುವ ದಾರಿಯೇ ಇಲ್ಲ. ಉದ್ಧರಣೆಯೊಳಗಿನ ಪದವನ್ನು ತಿದ್ದುವ ಹಕ್ಕು ನಮಗಿಲ್ಲ. ಅದರ ಮುಂದೆ ಚೌಕ ಕಂಸದಲ್ಲಿ ಮೂಲಪದವನ್ನು ಸೇರಿಸಿ, ನಿಮ್ಮ ವಾಕ್ಯದಲ್ಲಿ ಮೂಲಪದವನ್ನೇ ಬಳಸಿ.

ಪರಿಷ್ಕರಿಸುವಾಗ ಹೀಗೆ ಮಾಡಿ. ಕಡತದಲ್ಲಿ ಆ ನಾಲ್ಕೂ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಹುಡುಕಿ, ಪ್ರತಿಯೊಂದರ ಎದುರು ಅದರ ಹಿಂದಿರುವ ಸಂಸ್ಕೃತ ಪದವನ್ನು ಬರೆದುಕೊಳ್ಳಿ. ಆಗ ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗಿರುವುದು ಕಾಣುತ್ತದೆ. ಭೀಷ್ಮರು ಮೊದಲ ಉತ್ತರದಲ್ಲಿ, ಯುಧಿಷ್ಠಿರನು ಸಮೃದ್ಧವಾದ ಇಡೀ ಭೂಮಿಯನ್ನು ಬಿಟ್ಟಾನು, ಆದರೆ ಇದನ್ನು ಬಿಡಲಾರ ಎನ್ನುವಲ್ಲಿ ನೀವು ರೈಚಸ್‌ನೆಸ್ ಎಂದಿದ್ದೀರಿ. ನೀವು ಆಧಾರವೆಂದು ಹೇಳಿರುವ ಮಹಾಭಾರತದ ಪುಣೆಯ ಪರಿಷ್ಕೃತ ಪಾಠದಲ್ಲಿ ಅಲ್ಲಿರುವುದು ‘ಸತ್ಯ’. ಆ ಶ್ಲೋಕವನ್ನು ಧರ್ಮದ ಬಗೆಗಿನ ಸಾಕ್ಷ್ಯವಾಗಿ ನಾಲ್ಕನೆಯ ಭಾಗದಲ್ಲಿ ಬಳಸಿರುವುದರಿಂದ, ಆ ಪರಿಚ್ಛೇದವನ್ನು ಹೊಸದಾಗಿಯೇ ಬರೆಯಬೇಕಾಗುತ್ತದೆ.

ಓರೆ ಅಕ್ಷರದ ಬಗ್ಗೆಯೂ ಕೇಳುವಿರೆಂದು ಹೇಳುತ್ತೇನೆ: ಧರ್ಮ ಎಂಬ ಪದ ಇಂಗ್ಲಿಷ್ ನಿಘಂಟುಗಳಲ್ಲಿ ಸೇರಿಹೋಗಿರುವುದರಿಂದ ಅದಕ್ಕೆ ಓರೆ ಅಕ್ಷರ ಬೇಡ, ಧರ್ಮಸೂಕ್ಷ್ಮದಂಥ ಸಮಾಸಗಳಿಗೆ ಇರಲಿ. ತಿದ್ದಿದ ಪ್ರತಿಯ ಜೊತೆಗೆ ಆ ಪದಪಟ್ಟಿಯನ್ನೂ ಕಳುಹಿಸಿ. ಮೊದಲು ಅದನ್ನು ನೋಡಿ, ಆಮೇಲೆ ಪ್ರಬಂಧವನ್ನು ಓದುತ್ತೇನೆ.

ಇತಿ,
ಸಂಪಾದಕ