ಆಟಕ್ಕುಂಟು, ಲೆಕ್ಕಕ್ಕಿಲ್ಲ: ಕೊನೇ ಸುತ್ತಿಗೆ ಎಷ್ಟು ಅಂಕ ಕಳೆಯಬೇಕು?

*ಸಂಪಾದಕರೇ, ಪ್ರತಿ ಪಂದ್ಯಕ್ಕೂ ಯಾರು ಗೆಲ್ಲಬಹುದು ಅಂತ ನೂರಕ್ಕೆ ಇಷ್ಟು ಎಂದು ಬರೆದಿಡುವ ಆಟ ನಮ್ಮ ಆಫೀಸಿನಲ್ಲಿದೆ. 2023ರ ಐಪಿಎಲ್‌ನ ಕೊನೇ ಲೀಗ್ ಪಂದ್ಯದಲ್ಲಿ ಗುಜರಾತ್ ವಿರುದ್ಧ ಆರ್‌ಸಿಬಿಗೆ 75 ಕೊಟ್ಟು ಮಣ್ಣು ಮುಕ್ಕಿದೆ. ಗುಜರಾತ್‌ಗೆ ಆ ಗೆಲುವು ಬೇಕಾಗೇ ಇರಲಿಲ್ಲವಲ್ಲ! ಇಂಥ ಪಂದ್ಯಗಳಿಗೆ, ಮೇಲೆಮೇಲೆ ಪಂದ್ಯ ಆಡಿ ಸುಸ್ತಾದ ತಂಡಗಳಿಗೆ, ಎಷ್ಟು ಕಳೆಯಬೇಕು?*
*— ಓದುಗರೊಬ್ಬರು, ಹುಬ್ಬಳ್ಳಿ*

ಆ ರಾತ್ರಿ ನಾನೂ ಟಿವಿ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದೆ, ಬಿಡಿ. ಕೊಹ್ಲಿ 101 ಹೊಡೆದರೂ ಶುಭಮನ್ ಗಿಲ್ 52 ಎಸೆತಕ್ಕೆ 104 ಬಾರಿಸಿ ಮುಗಿಸಿಬಿಟ್ಟರು. ಆದರೆ ನಿಮ್ಮ ತಪ್ಪು ಅಂಕಪಟ್ಟಿ ನೋಡಿದ್ದರಲ್ಲಿದೆ. ನೋಡಬೇಕಿದ್ದದ್ದು ಆಡುವ ಹನ್ನೊಂದು ಜನರ ಪಟ್ಟಿ. ಗುಜರಾತ್ ಮೊದಲ ಸ್ಥಾನ ಆಗಲೇ ಗಟ್ಟಿ ಮಾಡಿಕೊಂಡಿತ್ತು, ಎರಡೇ ದಿನಕ್ಕೆ ಚೆನ್ನೈನಲ್ಲಿ ಕ್ವಾಲಿಫೈಯರ್ ಬೇರೆ ಇತ್ತು, ಆದರೂ ಗಿಲ್, ರಶೀದ್, ಶಮಿ, ಹಾರ್ದಿಕ್ ಎಲ್ಲರೂ ಇಳಿದಿದ್ದರು. ಹಾಗಿದ್ದಾಗ ಗುಜರಾತ್‌ಗೆ ಸುಮ್ನೆ 20–25 ಕಳೆಯಲು ಕಾರಣವೇ ಇಲ್ಲ. ಸಮಬಲ ಅಂದುಕೊಂಡಿದ್ದರೆ ಆರ್‌ಸಿಬಿಗೆ 52, ಜಾಸ್ತಿ ಅಂದರೆ 53 ಕೊಡಬಹುದಿತ್ತು.

ಈಗ ಉಲ್ಟಾ ಉದಾಹರಣೆ. 2022ರ ಫುಟ್‌ಬಾಲ್ ವಿಶ್ವಕಪ್, ನವೆಂಬರ್ 30, ಫ್ರಾನ್ಸ್–ಟ್ಯುನೀಷಿಯ. ಎರಡೂ ಪಂದ್ಯ ಗೆದ್ದ ಫ್ರಾನ್ಸ್ ಆಗಲೇ ಮುಂದಿನ ಸುತ್ತು ಸೇರಿತ್ತು, ಕೋಚ್ ಒಂಬತ್ತು ಜನರನ್ನು ಬದಲಿಸಿದರು. ಗೋಲಿನಲ್ಲಿ ಲೋರಿಸ್ ಬದಲು ಮಂಡಾಂಡ, ಮಿಡ್‌ಫೀಲ್ಡರ್ ಕಮವಿಂಗ ಎಡಗಡೆ ಡಿಫೆನ್ಸಿನಲ್ಲಿ, ಎಂಬಾಪೆ ಬೆಂಚಿನ ಮೇಲೆ. ಇಂಥ ಪಟ್ಟಿ ಕಂಡರೆ ಧೈರ್ಯವಾಗಿ ಅಂಕ ಕಳೆಯಿರಿ.

ಎಷ್ಟು ಅಂತ ಕೇಳಿದಿರಲ್ವಾ? ನಾನು ನೇರವಾಗಿ ನೂರಕ್ಕಿಷ್ಟು ಅಂತ ಕಳೆಯುವುದಿಲ್ಲ, ಮೊದಲು ಗೋಲಿನ ಅಂದಾಜು ಬದಲಿಸುತ್ತೇನೆ. ಪೂರ್ತಿ ತಂಡ ಆಡಿದರೆ ಫ್ರಾನ್ಸ್ ಸರಾಸರಿ 1.8 ಗೋಲು, ಟ್ಯುನೀಷಿಯ 0.8 ಅಂತ ಇಟ್ಟುಕೊಳ್ಳಿ (ಇದು ನನ್ನ ಊಹೆ, ನಿಮ್ಮದು ಬೇರೆ ಇರಬಹುದು). ಸರಾಸರಿ ಗೋಲಿನಿಂದ ಒಂದೊಂದು ಸ್ಕೋರಿನ ಸಾಧ್ಯತೆ ಎಷ್ಟು ಅಂತ ಹೇಳುವ ಪಾಯ್ಸಾನ್ ಲೆಕ್ಕ ಹಾಕಿದರೆ ಫ್ರಾನ್ಸ್ ಗೆಲುವು 61, ಡ್ರಾ 23, ಸೋಲು 16. ಒಂಬತ್ತು ಬದಲಾವಣೆಗೆ ಅದನ್ನು 1.4 ಮತ್ತು 1.0 ಮಾಡಿ. ಈಗ ಗೆಲುವು 46, ಡ್ರಾ 27, ಸೋಲು 27. ಹದಿನೈದು ಅಂಕ ಬಿತ್ತು, ಸಣ್ಣ ವಿಷಯವಲ್ಲ, ಆದರೂ ಫ್ರಾನ್ಸ್ ಗೆಲ್ಲುವ ಸಾಧ್ಯತೆಯೇ ಜಾಸ್ತಿ! ಒಂಬತ್ತು ಜನ ಬದಲಾದರೂ ಬಂದವರು ಫ್ರಾನ್ಸಿನವರೇ ತಾನೇ. ಜೊತೆಗೆ ಬೆಂಚಿನ ಮೇಲೆ ಎಂಬಾಪೆ, ಗ್ರೀಜ್ಮನ್ ಇದ್ದರು, ಗೋಲು ತಿಂದ ಮೇಲೆ ಇಬ್ಬರನ್ನೂ ಇಳಿಸಿದರು.

ಟ್ಯುನೀಷಿಯ 1–0 ಗೆದ್ದಿತು. ಅದನ್ನು ನೋಡಿ 'ಇನ್ನೂ ಕಳೆಯಬೇಕಿತ್ತು' ಅನ್ನಬೇಡಿ. ನೂರಕ್ಕೆ 27 ಅಂದರೆ ನಾಲ್ಕು ಸಲಕ್ಕೊಮ್ಮೆ ಆಗುವಂಥದ್ದು. 2018ರ ವಿಶ್ವಕಪ್‌ನಲ್ಲಿ ಕ್ರೊಯೇಷಿಯ ಕೂಡ ಇದೇ ಥರ ಆಗಲೇ ಮುಂದಿನ ಸುತ್ತು ಸೇರಿ, ಒಂಬತ್ತು ಜನರನ್ನು ಬದಲಿಸಿ, ಗೆಲ್ಲಲೇಬೇಕಿದ್ದ ಐಸ್‌ಲ್ಯಾಂಡನ್ನು 2–1ರಿಂದ ಸೋಲಿಸಿತು. ಆ ಪಂದ್ಯ ಯಾರಿಗೂ ನೆನಪಿಲ್ಲ, ಗೆಲ್ಲುತ್ತಾರೆ ಅಂದುಕೊಂಡವರೇ ಗೆದ್ದರು, ಅಷ್ಟೇ. ನೆನಪಲ್ಲಿ ಉಳಿಯುವುದೆಲ್ಲ ಅಚ್ಚರಿಯ ಫಲಿತಾಂಶಗಳೇ ಆದ್ದರಿಂದ ನಾವು ಯಾವಾಗಲೂ ಜಾಸ್ತಿಯೇ ಕಳೆಯುತ್ತೇವೆ.

ಇನ್ನು ಹುರುಪು. 'ಗೆಲ್ಲಲೇಬೇಕು' ಅನ್ನುವ ತಂಡಕ್ಕೆ ನಾನು ಕೊಡುವುದು ಎರಡು-ಮೂರು ಅಂಕ ಮಾತ್ರ. ಕೊನೇ ಸುತ್ತಿನವರೆಗೂ ಒದ್ದಾಡುತ್ತಿರುವ ತಂಡ ಸಾಮಾನ್ಯವಾಗಿ ಅಷ್ಟೇನೂ ಒಳ್ಳೇ ತಂಡವಲ್ಲ, ಅದಕ್ಕೇ ಒದ್ದಾಡುತ್ತಿದೆ. ಗೋಲಿಗಾಗಿ ಎಲ್ಲರೂ ಮುಂದೆ ನುಗ್ಗಿದರೆ ಹಿಂದೆ ಬಾಗಿಲು ತೆರೆದೇ ಇರುತ್ತದೆ, ಐಸ್‌ಲ್ಯಾಂಡ್ ಎರಡನೇ ಗೋಲು ತಿಂದದ್ದೂ 90ನೇ ನಿಮಿಷದಲ್ಲಿ.

ಸುಸ್ತಿನ ವಿಷಯದಲ್ಲಿ ಎಷ್ಟು ಪಂದ್ಯ ಆಡಿದರು ಅಂತ ಎಣಿಸಬೇಡಿ, ಎದುರಾಳಿಗಿಂತ ಎಷ್ಟು ದಿನ ಕಡಿಮೆ ಬಿಡುವು ಸಿಕ್ಕಿತು ನೋಡಿ. ಫ್ರಾನ್ಸ್, ಟ್ಯುನೀಷಿಯ ಎರಡೂ ನವೆಂಬರ್ 22, 26, 30ರಂದೇ ಆಡಿದ್ದವು, ಹಾಗಾಗಿ ಅಲ್ಲಿ ಕಳೆಯಲು ಏನೂ ಇಲ್ಲ. ಸುಸ್ತಿನ ಹೆಚ್ಚಿನ ಪಾಲು ತಂಡದ ಪಟ್ಟಿಯಲ್ಲೇ ಕಾಣುತ್ತದೆ, ಕೋಚ್ ಯಾರನ್ನೋ ಕೂರಿಸಿರುತ್ತಾರೆ. ಅದಕ್ಕೊಂದು, ಇದಕ್ಕೊಂದು ಅಂತ ಎರಡು ಸಲ ಕಳೆದರೆ ಲೆಕ್ಕ ಕೆಡುತ್ತದೆ. ಪಟ್ಟಿ ಹೊರಬೀಳುವ ಮೊದಲೇ ಅಂಕ ಬರೆಯಬೇಕಾದರೆ, ಪೂರ್ತಿ ತಂಡದ 61 ಮತ್ತು ಬದಲಿ ತಂಡದ 46ರ ನಡುವೆ, ಕೋಚ್ ಹಿಂದೆ ಏನು ಮಾಡಿದ್ದರು ಅನ್ನುವುದನ್ನು ನೋಡಿ ಎಲ್ಲೋ ಒಂದು ಕಡೆ ನಿಲ್ಲಿ.

ಹುರುಪನ್ನು ನಾನು ನಿಜವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದೇ ಸಂದರ್ಭ ಇದೆ: ಡ್ರಾ ಆದರೆ ಇಬ್ಬರಿಗೂ ಸಾಕು ಅನ್ನುವಾಗ. 2018ರ ಫ್ರಾನ್ಸ್–ಡೆನ್ಮಾರ್ಕ್ ಪಂದ್ಯ ಹಾಗಿತ್ತು. ಡ್ರಾ ಆದರೆ ಫ್ರಾನ್ಸ್ ಮೊದಲು, ಡೆನ್ಮಾರ್ಕ್ ಎರಡನೆಯದು. ಆ ಇಡೀ ವಿಶ್ವಕಪ್‌ನಲ್ಲಿ ಗೋಲೇ ಇಲ್ಲದೆ ಮುಗಿದದ್ದು ಅದೊಂದೇ ಪಂದ್ಯ, ಪ್ರೇಕ್ಷಕರು ಕೂಗಾಡಿ ಬೈದರು. ಅಂಥ ಕಡೆ ಡ್ರಾಗೆ ಹದಿನೈದು ಅಂಕ ಜಾಸ್ತಿ ಕೊಡಲು ನಾನು ಹಿಂದೆಮುಂದೆ ನೋಡುವುದಿಲ್ಲ.