ಮೂರನೇ ಮೇಲ್‌ಗೆ ಬಂದ ದೂರು

ಶೈಲಾ ಅಂತ ಕರೆಯೋಣ. ಹೆಸರು, ವಯಸ್ಸು, ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹುಬ್ಬಳ್ಳಿ ಕಡೆಯವರು, ಮದುವೆಯಾಗಿ ಪುಣೆಗೆ ಬಂದವರು. ಚಾಕಣದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಪರ್ಚೇಸ್ ವಿಭಾಗದಲ್ಲಿದ್ದಾರೆ. ನಿದ್ದೆ ಬರುತ್ತಿಲ್ಲ ಅಂತ ನನ್ನ ಹತ್ತಿರ ಬಂದರು. ರಾತ್ರಿ ಎದ್ದು ಫೋನ್ ತೆಗೆದು, ತಾವೇ ಕಳಿಸಿದ ಹಳೇ ಮೇಲ್‌ಗಳನ್ನು ಓದುತ್ತಾ ಕೂರುತ್ತಿದ್ದರಂತೆ.

ಕಾರಣ ಒಂದು ದೂರು. ಒಂದೇ ವಿಷಯಕ್ಕೆ ಶೈಲಾ ಕಳಿಸಿದ ಮೂರನೇ ಮೇಲ್ ನೋಡಿ ಕ್ವಾಲಿಟಿ ವಿಭಾಗದ ಹಿರಿಯ ಇಂಜಿನಿಯರ್ ಒಬ್ಬರು, 'ಈ ಹುಡುಗಿ ನನಗೆ ಮರ್ಯಾದೆ ಕೊಡಲ್ಲ' ಅಂತ ಶೈಲಾ ಅವರ ಮ್ಯಾನೇಜರ್‌ಗೆ ಹೇಳಿದ್ದರು.

"ನಾ ಏನ್ ತಪ್ಪ ಬರದೀನ್ರಿ ಮೇಡಂ? ಒಂದ್ ಕೆಟ್ಟ ಮಾತಿಲ್ಲ ಅದರಾಗ," ಅಂದರು.

ನಿಜ, ಕೆಟ್ಟ ಮಾತು ಇರಲಿಲ್ಲ. 'ಆ್ಯಸ್ ಪರ್ ಮೈ ಲಾಸ್ಟ್ ಈಮೇಲ್' ಅಂತ ಶುರುವಾಗಿ ಎರಡು ಸಾಲು, ಅಷ್ಟೇ. ಆದರೆ ಸಿಸಿಯಲ್ಲಿ ಆ ಇಂಜಿನಿಯರ್‌ರ ಬಾಸ್ ಇದ್ದರು. ಆಫೀಸಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು, ಆ ಸಾಲಿನ ಅರ್ಥ 'ಒಮ್ಮೆ ಹೇಳಿದ್ದೆನಲ್ಲ, ಓದೋಕೆ ಏನು ಕಷ್ಟ?' ಅಂತಲೇ. ಅದನ್ನು ಬಾಸ್ ಮುಂದೆ ಹೇಳಿದ ಹಾಗಾಯಿತು.

ಮೂರೂ ಮೇಲ್ ಪ್ರಿಂಟ್ ತನ್ನಿ ಅಂದೆ. ತಂದರು. ಸಮಾಧಾನದ ಮಾತಿಗಿಂತ ಮೊದಲು ಅವನ್ನು ಓದೋದು ಮುಖ್ಯ ಅನ್ನಿಸಿತ್ತು, ಯಾಕಂದರೆ ಇಂಥ ಜಗಳಗಳಲ್ಲಿ ಇಬ್ಬರೂ ತಮ್ಮ ನೆನಪಿನ ಮೇಲೇ ಮಾತಾಡುತ್ತಿರುತ್ತಾರೆ.

ವಿಷಯ ಸಣ್ಣದು. ಭೋಸರಿಯ ವೆಂಡರ್ ಒಬ್ಬ 400 ಬ್ರಾಕೆಟ್ ಕಳಿಸಿದ್ದ. ಡ್ರಾಯಿಂಗ್ ಪ್ರಕಾರ ತೂತು 8.5 ಮಿಲಿಮೀಟರ್, ಜಾಸ್ತಿ ಅಂದರೆ 8.7ರವರೆಗೆ ನಡೆಯುತ್ತದೆ. ಬಂದಿದ್ದು 8.8. ದೊಡ್ಡದಾದ ತೂತನ್ನು ಚಿಕ್ಕದು ಮಾಡೋಕಾಗಲ್ಲ. ಹಾಗಾಗಿ ಕ್ವಾಲಿಟಿಯವರು ಎರಡರಲ್ಲಿ ಒಂದು ಹೇಳಬೇಕಿತ್ತು: ಈ ಒಂದು ಲಾಟ್‌ಗೆ ಡಿವಿಯೇಷನ್, ಅಂದರೆ ಅಳತೆ ತಪ್ಪಿದ್ದರೂ ನಡೆಯುತ್ತದೆ ಅನ್ನೋ ಒಪ್ಪಿಗೆ, ಕೊಟ್ಟು ತೆಗೆದುಕೊಳ್ಳೋದು, ಇಲ್ಲವೇ ವಾಪಸ್ ಕಳಿಸೋದು.

ಮೊದಲ ಮೇಲ್‌ನಲ್ಲಿ ಈ ಪ್ರಶ್ನೆ ಎಲ್ಲಿತ್ತು ಗೊತ್ತಾ? ಕಟ್ಟಕಡೆಯಲ್ಲಿ. ಅದಕ್ಕೂ ಮೊದಲು ವೆಂಡರ್‌ನ ಟೂಲ್ ಸವೆದ ಕಥೆ, ಲಾರಿ ತಡವಾದ ಕಥೆ, ಹಿಂದಿನ ಲಾಟ್‌ನ ಕಥೆ, ಆಮೇಲೆ 'ಕೈಂಡ್ಲಿ ಡು ದಿ ನೀಡ್‌ಫುಲ್'. ಎರಡನೇ ಮೇಲ್: 'ಕೆಳಗಿನ ಮೇಲ್ ನೋಡಿ.' ಮೂರನೆಯದು ಆ ಪ್ರಸಿದ್ಧ ಸಾಲು. ಅಂದರೆ ಎರಡನೆಯದರಲ್ಲಾಗಲಿ ಮೂರನೆಯದರಲ್ಲಾಗಲಿ ಪ್ರಶ್ನೆಯೇ ಇರಲಿಲ್ಲ.

ಇನ್ನೊಂದು ಸಂಗತಿ ಶೈಲಾ ಗಮನಿಸಿರಲಿಲ್ಲ, ತುಂಬಾ ಜನ ಗಮನಿಸಲ್ಲ. ಮೇಲ್‌ಗೆ ರಿಪ್ಲೈ ಒತ್ತಿದರೆ ಹಳೇ ಅಟ್ಯಾಚ್‌ಮೆಂಟ್ ಜೊತೆಗೆ ಹೋಗಲ್ಲ, ಫಾರ್ವರ್ಡ್ ಮಾಡಿದರೆ ಮಾತ್ರ ಹೋಗುತ್ತದೆ. ಅವರು ತಮ್ಮದೇ ಮೇಲ್‌ಗೆ ರಿಪ್ಲೈ ಮಾಡಿದ್ದರು. ಹಾಗಾಗಿ ಅಳತೆಯ ಶೀಟ್ ಮತ್ತು ಫೋಟೊ ಮೊದಲ ಮೇಲ್‌ನಲ್ಲೇ ಉಳಿದವು. ಆ ಇಂಜಿನಿಯರ್ ಇಡೀ ದಿನ ಶಾಪ್ ಫ್ಲೋರ್‌ನಲ್ಲಿ, ಮೇಲ್ ನೋಡೋದು ಫೋನ್‌ನಲ್ಲಿ. ಅಲ್ಲಿ ಹಳೇ ಮೇಲ್‌ಗಳು ಮೂರು ಚುಕ್ಕಿಯ ಹಿಂದೆ ಮಡಚಿಕೊಂಡಿರುತ್ತವೆ. ಅವರಿಗೆ ಕಂಡಿದ್ದು ಬೈಗುಳ ಮಾತ್ರ, ಕೆಲಸ ಕಾಣಲಿಲ್ಲ.

ಹಾಗಂತ ಅವರದು ತಪ್ಪೇ ಇಲ್ಲ ಅಂತಲ್ಲ. ಎರಡು ಮೇಲ್‌ಗೆ ಸುಮ್ಮನಿದ್ದದ್ದು ಅವರೇ. ಇದನ್ನು ಶೈಲಾಗೆ ಬಾಯಿಬಿಟ್ಟು ಹೇಳಿದೆ. ತಮ್ಮ ಸಿಟ್ಟಿಗೆ ಕಾರಣ ಇದೆ ಅಂತ ಯಾರಾದರೂ ಒಪ್ಪುವವರೆಗೆ ಶೈಲಾ ಮೇಲ್ ತಿದ್ದೋಕೆ ತಯಾರಿರಲಿಲ್ಲ.

ಆಮೇಲೆ ಇಬ್ಬರೂ ಕೂತು ಮೂರನೇ ಮೇಲನ್ನು ಹೊಸದಾಗಿ ಬರೆದೆವು. ಮೊದಲು ಅವರು ಏನು ಬರೆಯಬೇಕು ಅನ್ನಿಸುತ್ತೋ ಎಲ್ಲಾ ಬರೆದರು, 'ಟು' ಜಾಗ ಖಾಲಿ ಬಿಟ್ಟು. ಸಿಟ್ಟಲ್ಲಿದ್ದಾಗ ವಿಳಾಸವನ್ನು ಕೊನೆಗೆ ಹಾಕಬೇಕು, ಬೆರಳು ಜಾರಿದರೂ ಮೇಲ್ ಹೋಗಲ್ಲ. ಅದನ್ನು ಅಳಿಸಿ ಬರೆದದ್ದು ಇಂಗ್ಲಿಷ್‌ನಲ್ಲಿ, ತಾತ್ಪರ್ಯ ಹೀಗಿದೆ:

"ಸರ್, 400 ಬ್ರಾಕೆಟ್ ವಿಷಯದಲ್ಲಿ ನಿಮ್ಮ ನಿರ್ಧಾರ ಬೇಕಿತ್ತು: ಡಿವಿಯೇಷನ್ ಮೇಲೆ ತೆಗೆದುಕೊಳ್ಳೋಣವಾ, ವಾಪಸ್ ಕಳಿಸೋಣವಾ? ತೂತು 8.8 ಬಂದಿದೆ, ಮಿತಿ 8.7. ಅಳತೆ ಶೀಟ್ ಮತ್ತು ಫೋಟೊ ಮತ್ತೆ ಹಾಕಿದ್ದೇನೆ, ಹುಡುಕೋದು ಬೇಡ. ಗುರುವಾರ ಸಂಜೆಯೊಳಗೆ ತಿಳಿಸಿದರೆ ಶನಿವಾರದ ಅಸೆಂಬ್ಲಿಗೆ ತೊಂದರೆ ಇಲ್ಲ. ಅಲ್ಲಿವರೆಗೆ ಮಾಲು ಹೋಲ್ಡ್‌ನಲ್ಲೇ ಇರುತ್ತದೆ."

ಸಬ್ಜೆಕ್ಟ್ ಲೈನ್ ಕೂಡ ಬದಲಾಯಿತು. 'ರಿ: ರಿ: ಬ್ರಾಕೆಟ್' ಹೋಗಿ 'ನಿರ್ಧಾರ ಬೇಕು: 400 ಬ್ರಾಕೆಟ್, ಗುರುವಾರದೊಳಗೆ' ಅಂತಾಯಿತು.

ಇದರಲ್ಲಿ ಹಿಂದಿನ ಮೇಲ್‌ನ ಸುದ್ದಿಯೇ ಇಲ್ಲ ನೋಡಿ. ಬೇಕಾಗಲೂ ಇಲ್ಲ, ಹಿಂದಿನದರಲ್ಲಿದ್ದ ಮುಖ್ಯ ವಿಷಯ ಎಲ್ಲಾ ಇಲ್ಲೇ ಬಂದಿದೆ. 'ಜೆಂಟಲ್ ರಿಮೈಂಡರ್' ಹಾಕಲಾ ಅಂತ ಶೈಲಾ ಕೇಳಿದರು. ಬೇಡ ಅಂದೆ. 'ಟ್ರೇಲ್ ಮೇಲ್ ನೋಡಿ' ಅನ್ನೋದೂ ಅದೇ ಜಾತಿ. ಓದುವವರನ್ನು ಮತ್ತೆ ಹಿಂದಕ್ಕೇ ಅಟ್ಟುತ್ತವೆ.

"ಗುರುವಾರದೊಳಗ ಹೇಳ್ಲಿಲ್ಲಂದ್ರ ಒಪ್ಪೀರಿ ಅಂತ ತಿಳ್ಕೋತೀನಿ, ಅಂತ ಬರೀಲೇನ್ರಿ?" ಇದು ಒಳ್ಳೆ ಪ್ರಶ್ನೆ. ಮೀಟಿಂಗ್ ಸಮಯಕ್ಕೋ ಊಟದ ಲೆಕ್ಕಕ್ಕೋ ಆದರೆ ಬರೆಯಬಹುದು. ಅಳತೆ ತಪ್ಪಿದ ಮಾಲಿಗೆ ಬರೆಯೋ ಹಾಗಿಲ್ಲ. ಸುಮ್ಮನಿದ್ದರು ಅಂತ ಡಿವಿಯೇಷನ್ ಸಿಕ್ಕ ಹಾಗಾಗಲ್ಲ, ಆ ಅಧಿಕಾರ ಪರ್ಚೇಸ್‌ನವರ ಕೈಯಲ್ಲೂ ಇಲ್ಲ. ಏನು ಆಗುತ್ತದೆ ಅನ್ನೋದನ್ನಷ್ಟೇ ಬರೆಯಬೇಕು: ಮಾಲು ಹೋಲ್ಡ್‌ನಲ್ಲಿರುತ್ತದೆ, ಅಸೆಂಬ್ಲಿ ನಿಲ್ಲಬಹುದು.

ಹಳೇ ಮೇಲ್ ತಾರೀಕು ಹೇಳಲೇಬೇಕಾದ ಸಂದರ್ಭವೂ ಇರುತ್ತದೆ. ಒಪ್ಪಿದ್ದು ಒಂದು, ಬಂದದ್ದು ಇನ್ನೊಂದು ಆದಾಗ. ಆಗ "12ನೇ ತಾರೀಕಿನ ಮೇಲ್‌ನಲ್ಲಿ ಡ್ರಾಯಿಂಗ್‌ನ ರಿವಿಷನ್ ಬಿ ಅಂತಿದೆ, ಇವತ್ತಿನ ಶೀಟ್‌ನಲ್ಲಿ ರಿವಿಷನ್ ಎ ಇದೆ, ಯಾವುದನ್ನು ಹಿಡಿಯಲಿ?" ಅಂತ ಕೇಳಿ. ಎರಡು ಕಾಗದ ಪಕ್ಕಪಕ್ಕ ಇಟ್ಟ ಹಾಗೆ. ಒಂದು ವೇಳೆ ತಪ್ಪು ನಿಮ್ಮದೇ ಇದ್ದರೂ ಮುಜುಗರ ಕಡಿಮೆ.

ಮೇಲ್‌ಗೆ ಉತ್ತರ ಬರದೇ ಹೋದರೆ? ಮತ್ತೊಂದು ಮೇಲ್ ಬೇಡ, ಫೋನ್ ಮಾಡಿ ಅಂದೆ. ಶೈಲಾ ಮರಾಠಿ ಚೆನ್ನಾಗಿ ಮಾತಾಡುತ್ತಾರೆ. ಅದೇ ಇಂಜಿನಿಯರ್ ಜೊತೆ ಎದುರಾ ಎದುರು "ಸರ್, ಝಾಲಂ ಕಾ?", ಆಯ್ತಾ ಅಂತ ನಗುತ್ತಾ ಕೇಳುವವರು, ಇಂಗ್ಲಿಷ್ ಮೇಲ್‌ನಲ್ಲಿ ಮಾತ್ರ ವಕೀಲರ ನೋಟಿಸ್ ಥರ ಬರೆಯುತ್ತಿದ್ದರು. ಫೋನ್‌ನಲ್ಲಿ ಮಾತಾದ ಮೇಲೆ "ಈಗ ಮಾತಾಡಿದ ಹಾಗೆ, ಮಾಲು ವಾಪಸ್ ಕಳಿಸುತ್ತಿದ್ದೇನೆ" ಅಂತ ಒಂದು ಸಾಲು ಮೇಲ್ ಹಾಕಿದರೆ ದಾಖಲೆಯೂ ಆಯಿತು. ಬಾಸ್ ಸಿಸಿ ಇದಾದ ಮೇಲಿನ ಮಾತು. ಅದೂ ಮೊದಲೇ ಅವರಿಗೆ ತಿಳಿಸಿ: "ಸರ್, ಶನಿವಾರದ ಅಸೆಂಬ್ಲಿ ಇದೆ, ನಿಮ್ಮ ಸಾಹೇಬರನ್ನು ಸೇರಿಸ್ತಾ ಇದ್ದೀನಿ."

ದೂರಿನ ವಿಷಯಕ್ಕೆ ಉದ್ದದ ಕ್ಷಮೆ ಮೇಲ್ ಬರೆಯಬೇಡಿ, ಅದನ್ನೂ ಹತ್ತು ಜನ ಓದುತ್ತಾರೆ ಅಂದೆ. ಕ್ಯಾಂಟೀನ್‌ನಲ್ಲಿ ಸಿಕ್ಕಾಗ ನೇರ ಹೇಳಿದರಂತೆ, ಬಾಸ್‌ರನ್ನು ಸೇರಿಸಿದ್ದು ಸರಿಯಾಗಲಿಲ್ಲ ಸರ್, ಆದರೆ ನನಗೆ ಉತ್ತರ ಬೇಕಿತ್ತು ಅಂತ. ಅವರು ಸರಿ ಸರಿ ಅಂದು ಎದ್ದು ಹೋದರಂತೆ. ಅಂಥ ದೊಡ್ಡ ರಾಜಿಯೇನೂ ಆಗಲಿಲ್ಲ. ಬ್ರಾಕೆಟ್‌ಗಳು ವಾಪಸ್ ಹೋದವು. ಶೈಲಾ ಈಗ ಮೇಲ್ ಆ್ಯಪನ್ನು ಫೋನ್‌ನಿಂದ ತೆಗೆದು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಟ್ಟುಕೊಂಡಿದ್ದಾರೆ, ನಿದ್ದೆಗೆ ಮುಖ್ಯವಾಗಿ ಉಪಯೋಗ ಆಗಿದ್ದು ಅದೇ.